ಚಿವುಟಿದರೆ ಕೈಗೆ ಸಿಗದ ಚರ್ಮ

ಆ ಕಲೆಯನ್ನು ಮೊದಲು ನೋಡಿದ್ದು ನಾನಲ್ಲ, ನಮ್ಮ ಅತ್ತಿ. ನೀರು ತುಂಬುವ ಹಬ್ಬದ ಮರುದಿನ ಬೆನ್ನಿಗೆ ಎಣ್ಣೆ ಹಚ್ಚುತ್ತಿದ್ದರು. ಎಡಗಡೆ ಸೊಂಟದ ಹತ್ತಿರ ಅವರ ಕೈ ನಿಂತಿತು. "ಏನಿದು? ಇಲ್ಲಿ ಎಣ್ಣಿ ಹಚ್ಚಿದ್ರ ಜಾರಿ ಹೊಂಟೈತಿ" ಅಂದರು. ಕನ್ನಡಿಗೆ ಬೆನ್ನು ತಿರುಗಿಸಿ, ಕತ್ತು ನೋಯುವಷ್ಟು ಹೊರಳಿ ನೋಡಿದೆ. ಸುಮಾರು ಎರಡು ಇಂಚಿನ ಒಂದು ಕಲೆ. ನಡುವೆ ಸ್ವಲ್ಪ ಬಿಳಿ, ಮೇಣದ ಬಣ್ಣ. ಸುತ್ತ ಕಂದು. ನೋವಿಲ್ಲ, ಕೆರೆತವಿಲ್ಲ. ಟ್ಯೂಬ್‌ಲೈಟ್ ಬೆಳಕಿಗೆ ಮಿಂಚುತ್ತಿತ್ತು, ವಾರ್ನಿಶ್ ಹೊಡೆದ ಹಾಗೆ.

ಸರಿಯಾಗಿ ಲಂಗದ ಲಾಡಿ ಕೂರುವ ಜಾಗ. ಹಾಗಾಗಿ ಮನೆಯಲ್ಲಿ ತೀರ್ಪು ಬೇಗ ಬಂತು. "ಬಿಗಿ ಕಟ್ಟಬ್ಯಾಡ ಅಂದ್ರ ಕೇಳಂಗಿಲ್ಲ ನೀ" ಅಂತ ಅತ್ತಿ. ಗದಗಿನಿಂದ ಫೋನಿನಲ್ಲಿ ಅವ್ವ, "ಸಣ್ಣಾಕಿದ್ದಾಗ ಅಲ್ಲೇನರ ಗಾಯ ಆಗಿತ್ತೇನೋ" ಅಂದಳು. ಮೇಲಿನ ಮನೆಯ ಅಕ್ಕಾರು ನೋಡಿ "ಇದು ಗಜಕರ್ಣ, ಗ್ಯಾರಂಟಿ" ಅಂದರು. ನನಗಂತೂ ಇಸಬು ಅನ್ನಿಸಿತು, ಯಾಕಂದರೆ ನಮ್ಮಪ್ಪನಿಗೆ ಕಾಲಲ್ಲಿ ಇಸಬು ಇತ್ತು. ಒಂದೇ ಕಲೆಗೆ ನಾಲ್ಕು ಜನ, ನಾಲ್ಕು ಹೆಸರು. ಒಂದೂ ಸರಿ ಇರಲಿಲ್ಲ. ಆದರೆ ಅದು ಗೊತ್ತಾಗಲಿಕ್ಕೆ ಎಂಟು ತಿಂಗಳು ಹಿಡಿಯಿತು.

ಅದರ ಹೆಸರು ಮಾರ್ಫಿಯಾ. ನಮ್ಮ ಮನೆಯವರ ಕಾಕಾ ಇದನ್ನು ಕೇಳಿ "ಅದು ನಿದ್ದಿ ಬರೋ ಇಂಜೆಕ್ಷನ್ ಅಲ್ಲೇನು?" ಅಂದರು. ಅದು ಮಾರ್ಫಿನ್. ಇದಕ್ಕೂ ಅದಕ್ಕೂ ಏನೂ ಸಂಬಂಧ ಇಲ್ಲ.

ಮೊದಲು ಮಾಡಿದ ತಪ್ಪು ಹೇಳಿಬಿಡುತ್ತೇನೆ. ಹುಬ್ಬಳ್ಳಿಯಲ್ಲಿ ಬ್ಯಾಂಕಿನಿಂದ ಮನೆಗೆ ಬರುವ ದಾರಿಯಲ್ಲಿ ಒಂದು ಔಷಧಿ ಅಂಗಡಿ. ಮೊಬೈಲಿನಲ್ಲಿ ಫೋಟೋ ತೋರಿಸಿದೆ. ಆತ ಎರಡು ಸೆಕೆಂಡು ನೋಡಿದ, ಒಂದು ಟ್ಯೂಬ್ ಕೊಟ್ಟ. "ಎಲ್ಲಾದಕ್ಕೂ ಬರತೈತ್ರಿ ಮೇಡಂ ಇದು." ನಿಜ, ಅದರೊಳಗೆ ಎಲ್ಲವೂ ಇತ್ತು. ಫಂಗಸ್ಸಿಗೆ ಒಂದು, ಬ್ಯಾಕ್ಟೀರಿಯಾಕ್ಕೆ ಒಂದು, ಜೊತೆಗೆ ಕ್ಲೋಬೆಟಸಾಲ್ ಅನ್ನುವ ಬಹಳ ಜೋರಾದ ಸ್ಟೆರಾಯ್ಡ್. ಆರು ವಾರ ಹಚ್ಚಿದೆ. ಸುತ್ತಲಿನ ಕಂದು ಬಣ್ಣ ಸ್ವಲ್ಪ ತಿಳಿಯಾಯಿತು. ಖುಷಿಯಾಗಿ ನಿಲ್ಲಿಸಿದೆ. ಎರಡು ತಿಂಗಳಲ್ಲಿ ಕಲೆ ಮೊದಲಿಗಿಂತ ದೊಡ್ಡದಾಯಿತು, ನಡುವಿನ ಭಾಗ ಹಲಗೆಯ ಹಾಗೆ ಗಟ್ಟಿಯಾಯಿತು.

ಆಮೇಲೆ ಹೋದದ್ದು ಒಬ್ಬ ಡಾಕ್ಟರ ಹತ್ತಿರ. ಅವರು ಇಸಬು ಅಂದರು. ಮುಟ್ಟಿ ನೋಡಲಿಲ್ಲ. ಕುರ್ಚಿಯಲ್ಲಿ ಕೂತಲ್ಲಿಂದಲೇ ನೋಡಿ ಚೀಟಿ ಬರೆದರು. ನಾನೂ ಸೆರಗು ಸರಿಸಲು ಸಂಕೋಚ ಪಟ್ಟಿದ್ದೆ ಅನ್ನುವುದನ್ನೂ ಒಪ್ಪಿಕೊಳ್ಳಬೇಕು.

ಮೂರನೆಯದಾಗಿ ಧಾರವಾಡದ ಒಬ್ಬ ಚರ್ಮದ ಡಾಕ್ಟರ್. ವಯಸ್ಸಾದವರು, ಮಾತು ಕಡಿಮೆ. ಕಲೆಯನ್ನು ನೋಡಿದ್ದಕ್ಕಿಂತ ಮುಟ್ಟಿದ್ದೇ ಜಾಸ್ತಿ. ಮೊದಲು ಬೆರಳು ಆಡಿಸಿದರು. ಆಮೇಲೆ ಎರಡು ಬೆರಳಲ್ಲಿ ಕಲೆಯ ನಡುವೆ ಚಿವುಟಿ ಎತ್ತಲು ನೋಡಿದರು. ಬರಲಿಲ್ಲ. ಪಕ್ಕದ ಚರ್ಮ ಚಿವುಟಿದರು, ಸಲೀಸಾಗಿ ಮಡಚಿಕೊಂಡು ಬಂತು. "ಈಗ ನೀವೇ ಮಾಡಿ ನೋಡ್ರಿ" ಅಂದರು. ನಾನೂ ಚಿವುಟಿದೆ. ಬೆರಳು ಜಾರಿತು. ಚರ್ಮ ಕೆಳಗಿನ ಮಾಂಸಕ್ಕೆ ಅಂಟಿಕೊಂಡ ಹಾಗಿತ್ತು. ಎಂಟು ತಿಂಗಳಲ್ಲಿ ನಾನು ಅದನ್ನು ನೂರು ಸಲ ನೋಡಿದ್ದೆ, ಒಂದು ಸಲವೂ ಚಿವುಟಿರಲಿಲ್ಲ.

ಈ ಒಂದು ಚಿವುಟುವಿಕೆಯಲ್ಲಿ ಅರ್ಧ ಉತ್ತರ ಇದೆ. ಯಾಕೆ ಅಂತ ಹೇಳಲಿಕ್ಕೆ ನಮ್ಮ ಕಡೆಯ ಕೌದಿಯನ್ನು ನೆನಪಿಸಿಕೊಳ್ಳಬೇಕು. ಕೌದಿಗೆ ಮೇಲೊಂದು ಅರಿವೆ, ಒಳಗೆ ಹಳೆ ಸೀರೆಯ ಪದರ, ಎಲ್ಲವನ್ನೂ ಹಿಡಿದಿಡುವ ದಾರ. ಚರ್ಮವೂ ಹೆಚ್ಚುಕಡಿಮೆ ಹಾಗೇ. ಮೇಲಿನ ತೆಳು ಪದರ ಒಂದು, ಅದರ ಕೆಳಗೆ ದಪ್ಪ ಪದರ ಒಂದು. ಆ ದಪ್ಪ ಪದರದಲ್ಲಿ ಕೊಲಾಜೆನ್ ಅನ್ನುವ ನಾರು ದಾರದ ಹಾಗೆ ಹೆಣೆದುಕೊಂಡಿರುತ್ತದೆ. ಬೆವರಿನ ಗ್ರಂಥಿ, ಕೂದಲಿನ ಬೇರು ಎಲ್ಲ ಅಲ್ಲೇ ಕೂತಿರುತ್ತವೆ. ಅದರ ಕೆಳಗೆ ಕೊಬ್ಬು.

ಗಜಕರ್ಣ ಬರುವುದು ಮೇಲಿನ ಅರಿವೆಯ ಮೇಲ್ಮೈಗೆ. ಫಂಗಸ್ಸು ಸತ್ತ ಚರ್ಮದ ಹೊಟ್ಟನ್ನು ತಿಂದು ಬದುಕುತ್ತದೆ, ಒಳಗೆ ಇಳಿಯುವುದಿಲ್ಲ. ಅದಕ್ಕೇ ಅದರ ಅಂಚಿನಲ್ಲಿ ಹೊಟ್ಟು ಏಳುತ್ತದೆ, ಅಂಚು ಉಬ್ಬಿರುತ್ತದೆ, ಉಂಗುರ ಹೊರಗೆ ಹರಡುತ್ತಾ ನಡುವೆ ತಿಳಿಯಾಗುತ್ತದೆ. ಬೆವರಿದರೆ ಕೆರೆತ ಶುರು. ಇಸಬು ಮೇಲಿನ ಅರಿವೆಯನ್ನೇ ಕೆಡಿಸುತ್ತದೆ. ಕೆರೆತ, ಸಣ್ಣ ನೀರುಗುಳ್ಳೆ, ರಸಿಕೆ, ಒಣಗಿದ ಮೇಲೆ ಬಿರುಕು. ಹಳೆಯದಾದರೆ ಚರ್ಮ ದಪ್ಪವಾಗುತ್ತದೆ, ಇಲ್ಲೇ ಜನ ಮೋಸ ಹೋಗುವುದು. ಆದರೆ ಹಳೆ ಇಸಬಿನ ದಪ್ಪ ಚರ್ಮದಲ್ಲಿ ಗೆರೆಗಳು ಎದ್ದು ಕಾಣುತ್ತವೆ, ಬಿರುಸಾದ ಚಪ್ಪಲಿಯ ತೊಗಲಿನ ಹಾಗೆ. ಮಾರ್ಫಿಯಾದಲ್ಲಿ ಉಲ್ಟಾ. ಗೆರೆಗಳೇ ಅಳಿಸಿಹೋಗುತ್ತವೆ. ಎಣ್ಣೆ ಜಾರಿಹೋದದ್ದು ಅದಕ್ಕೇ.

ಮಾರ್ಫಿಯಾದ ಕೆಲಸ ನಡೆಯುವುದು ಒಳಗೆ, ದಾರದ ಪದರದಲ್ಲಿ. ಮೈಯ ರೋಗನಿರೋಧಕ ಕಣಗಳು ಅಲ್ಲಿ ಸುಮ್ನೆ ಒಂದು ಜಗಳ ಶುರುಮಾಡುತ್ತವೆ, ಆ ಜಗಳದ ಪರಿಣಾಮವಾಗಿ ಕೊಲಾಜೆನ್ ಬೇಕಾದದ್ದಕ್ಕಿಂತ ಜಾಸ್ತಿ ತಯಾರಾಗುತ್ತದೆ. ಯಾರೋ ಕೌದಿಯ ಒಂದು ಮೂಲೆಗೆ ಮಾತ್ರ ಹುಚ್ಚು ಹಿಡಿದವರ ಹಾಗೆ ಹೊಲಿಗೆ ಹಾಕುತ್ತಾ ಹೋದ ಹಾಗೆ. ಮೇಲಿನ ಅರಿವೆ ನೆಟ್ಟಗೇ ಇರುತ್ತದೆ, ಹೊಟ್ಟಿಲ್ಲ, ರಸಿಕೆಯಿಲ್ಲ. ಒಳಗೆ ಮಾತ್ರ ಬಿಗಿ. ಆ ಬಿಗಿಯಲ್ಲಿ ಬೆವರಿನ ಗ್ರಂಥಿ, ಕೂದಲ ಬೇರು ಸಿಕ್ಕಿ ಉಸಿರುಗಟ್ಟುತ್ತವೆ. ಮೇ ತಿಂಗಳಲ್ಲಿ ಗದಗಿಗೆ ಹೋಗಿದ್ದಾಗ ನನಗೆ ಇದು ಕಂಡಿತ್ತು, ಅರ್ಥವಾಗಿರಲಿಲ್ಲ. ಮೈಯೆಲ್ಲ ಬೆವರಿನಲ್ಲಿ ತೊಯ್ದಿತ್ತು. ಆ ಕಲೆಯೊಂದು ಮಾತ್ರ ಒಣಗಿತ್ತು.

ಹಾಗಾದರೆ ಗಾಯದ ಕಲೆ? ಅದೂ ಕೊಲಾಜೆನ್ನೇ, ಅದೂ ಗಟ್ಟಿ, ಅದೂ ಮಿಂಚುತ್ತದೆ. ಅವ್ವನ ಊಹೆ ಉಳಿದವರದಕ್ಕಿಂತ ಹತ್ತಿರದ್ದು. ದೊಡ್ಡ ದೊಡ್ಡವರೂ ಇಲ್ಲಿ ಎಡವಿದ್ದಾರೆ. 1854ರಲ್ಲಿ ಲಂಡನ್ನಿನ ಥಾಮಸ್ ಅಡಿಸನ್ ಇದನ್ನು ವಿವರಿಸಿದಾಗ 'ನಿಜವಾದ ಕೆಲಾಯ್ಡ್' ಅಂತ ಕರೆದರು. ಕೆಲಾಯ್ಡ್ ಅಂದರೆ ಗಾಯದ ಮೇಲೆ ಮಿತಿ ಮೀರಿ ಬೆಳೆಯುವ ಕಲೆ. ಹಳೆಯ ವೈದ್ಯ ಪುಸ್ತಕಗಳಲ್ಲಿ ಮಾರ್ಫಿಯಾಕ್ಕೆ 'ಅಡಿಸನ್ನನ ಕೆಲಾಯ್ಡ್' ಅನ್ನುವ ಹೆಸರು ಬಹಳ ಕಾಲ ಉಳಿಯಿತು. ಅಂಥವರೇ ಆ ಹೆಸರು ಇಟ್ಟ ಮೇಲೆ ನಮ್ಮವ್ವನದೇನು ತಪ್ಪು?

ವ್ಯತ್ಯಾಸ ಕಲೆಯ ನಡವಳಿಕೆಯಲ್ಲಿದೆ. ಗಾಯದ ಕಲೆಗೆ ಒಂದು ತಾರೀಖು ಇರುತ್ತದೆ. ಬಿದ್ದದ್ದು, ಸುಟ್ಟದ್ದು, ಕೊಯ್ದದ್ದು. ಹರಿದ ಜಾಗಕ್ಕೆ ಹಾಕಿದ ತೇಪೆ ಅದು, ಹರಿದಷ್ಟೇ ಇರುತ್ತದೆ. ಕೆಲಾಯ್ಡ್ ಆದರೆ ಗಾಯದ ಗಡಿ ದಾಟಿ ಹೊರಗೆ ಬರುತ್ತದೆ, ಆದರೆ ಅದು ಗಂಟಿನ ಹಾಗೆ ಉಬ್ಬುತ್ತದೆ, ಕೆರೆಯುತ್ತದೆ, ಮುಟ್ಟಿದರೆ ನೋಯುವುದೂ ಉಂಟು. ಮಾರ್ಫಿಯಾ ಉಬ್ಬುವುದು ಕಡಿಮೆ. ಮಟ್ಟವಾಗಿರುತ್ತದೆ, ಹಳೆಯದಾದರೆ ಒಂಚೂರು ತಗ್ಗುತ್ತದೆ. ಗಾಯ ಆಗಿರಲೇಬೇಕು ಅಂತಿಲ್ಲ, ಆದರೂ ತಿಂಗಳಿಂದ ತಿಂಗಳಿಗೆ ಹರಡುತ್ತದೆ. ಹರಡುವ ಅಂಚಿನಲ್ಲಿ ಒಂದು ಬಣ್ಣದ ಉಂಗುರ ಇರುತ್ತದೆ. ಪುಸ್ತಕಗಳಲ್ಲಿ ಅದನ್ನು ತಿಳಿ ನೇರಳೆ ಅಂತ ಬರೆದಿರುತ್ತಾರೆ, ಬಿಳಿ ಚರ್ಮದ ಚಿತ್ರ ಹಾಕಿರುತ್ತಾರೆ. ನಮ್ಮ ಬಣ್ಣದ ಚರ್ಮದಲ್ಲಿ ಅದು ನೇರಳೆಯಾಗಿ ಕಾಣುವುದು ಅಪರೂಪ. ಬೂದುಗಂದು, ಪೆಟ್ಟು ಬಿದ್ದು ಕಂದಿದ ಹಾಗೆ. ಅಂತರ್ಜಾಲದಲ್ಲಿ ಚಿತ್ರ ನೋಡಿ "ನನ್ನದು ಹೀಗಿಲ್ಲ" ಅಂತ ನಾನೇ ಒಮ್ಮೆ ಇದನ್ನು ತಳ್ಳಿಹಾಕಿದ್ದೆ.

ಇನ್ನೊಂದು ತೊಡಕಿದೆ. ಪೆಟ್ಟು ಬಿದ್ದ ಜಾಗ, ಇಂಜೆಕ್ಷನ್ ಕೊಟ್ಟ ಜಾಗ, ಆಪರೇಷನ್ ಗಾಯ, ಬಟ್ಟೆ ಸದಾ ಉಜ್ಜುವ ಜಾಗ, ಇಲ್ಲೆಲ್ಲ ಮಾರ್ಫಿಯಾ ಶುರುವಾಗುವುದುಂಟು. ಅಂದರೆ ಅತ್ತಿಯ ಲಾಡಿಯ ಮಾತನ್ನೂ ಪೂರ್ತಿ ತೆಗೆದುಹಾಕುವ ಹಾಗಿಲ್ಲ. ಆದರೆ ಲಾಡಿ ಕಾರಣವಾಗಿದ್ದರೆ ಊರಿನ ಅರ್ಧ ಹೆಂಗಸರಿಗೆ ಇದು ಬರಬೇಕಿತ್ತು. ಒಳಗೆ ಕಾಯಿಲೆಗೆ ತಯಾರಾಗಿದ್ದ ಮೈಗೆ ಲಾಡಿ ಜಾಗ ತೋರಿಸಿಕೊಟ್ಟಿರಬಹುದು, ಅಷ್ಟೇ. ಗಂಡಸರಿಗಿಂತ ಹೆಂಗಸರಿಗೆ ಜಾಸ್ತಿ ಬರುತ್ತದೆ. ಅಂಟುರೋಗ ಅಲ್ಲ. ಅತ್ತಿ ಒಂದು ತಿಂಗಳು ನನ್ನ ಟವೆಲ್ ಬೇರೆ ಇಟ್ಟಿದ್ದರು, ಅದನ್ನು ಆಮೇಲೆ ಅವರೇ ನಗುತ್ತಾ ಹೇಳಿದರು.

ಧಾರವಾಡದ ಡಾಕ್ಟರ್ ಅವತ್ತೇ ಇನ್ನೆರಡು ಕೆಲಸ ಮಾಡಿದರು. ಮಂದ ಅಲಗಿನಿಂದ ಕಲೆಯ ಅಂಚನ್ನು ಕೆರೆದರು. ಗಾಜಿನ ಮೇಲೆ ಬಿದ್ದ ಪುಡಿಗೆ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣದ ಒಂದು ಹನಿ ಹಾಕಿದರು. ಅದು ಚರ್ಮದ ಹೊಟ್ಟನ್ನು ಕರಗಿಸುತ್ತದೆ, ಫಂಗಸ್ಸಿದ್ದರೆ ಅದರ ಎಳೆಗಳು ಮಾತ್ರ ಸೂಕ್ಷ್ಮದರ್ಶಕದಲ್ಲಿ ಉಳಿದು ಕಾಣುತ್ತವೆ. ನನ್ನದರಲ್ಲಿ ಏನೂ ಇರಲಿಲ್ಲ. ಕೆರೆದರೆ ಬರಲಿಕ್ಕೆ ಹೊಟ್ಟೇ ಸರಿಯಾಗಿ ಸಿಗಲಿಲ್ಲ, ಅದೇ ಒಂದು ಸುಳಿವು ಅಂದರು. ಎರಡನೆಯದು ನನಗೆ ಭಯ ಹುಟ್ಟಿಸಿತು. ಕಣ್ಣು ಮುಚ್ಚಲು ಹೇಳಿ ಹತ್ತಿಯ ಎಳೆಯಿಂದ ಕಲೆಯ ಮೇಲೆ, ಪಕ್ಕದಲ್ಲಿ ಮುಟ್ಟುತ್ತಾ ಹೋದರು. "ಗೊತ್ತಾತೇನ್ರಿ? ಈಗ?" ಪ್ರತಿ ಸಲ ಗೊತ್ತಾಯಿತು. ಅದು ಕುಷ್ಠರೋಗಕ್ಕೆ ಮಾಡುವ ಪರೀಕ್ಷೆ. ಅದರಲ್ಲೂ ಕಲೆ ತಿಳಿಯಾಗುತ್ತದೆ, ಕೂದಲು ಉದುರುತ್ತದೆ, ಬೆವರು ನಿಲ್ಲುತ್ತದೆ. ಆದರೆ ಸ್ಪರ್ಶ ಹೋಗುತ್ತದೆ, ಚರ್ಮ ಹೀಗೆ ಹಲಗೆಯಾಗುವುದಿಲ್ಲ. ನಮ್ಮ ಕಡೆ ಬಿಳಿ ಕಲೆ ಕಂಡರೆ ಇದನ್ನು ಮಾಡದೆ ಬಿಡುವಂತಿಲ್ಲ ಅಂತ ಅವರು ಹೇಳಿದ್ದು ಸರಿ.

ಆಮೇಲೆ ಬಯಾಪ್ಸಿ. ಮರಗಟ್ಟಿಸುವ ಸೂಜಿ ಚುರುಕ್ಕೆಂದಿತು, ಉಳಿದದ್ದು ಗೊತ್ತಾಗಲಿಲ್ಲ. ಪೆನ್ನಿನ ತುದಿಯಂಥ ಒಂದು ದುಂಡನೆಯ ಕೊಳವೆಯಿಂದ 4 ಮಿಲಿಮೀಟರ್ ಅಗಲದ ತುಂಡು ತೆಗೆದರು, ಎರಡು ಹೊಲಿಗೆ. ಇಲ್ಲಿ ಒಂದು ವಿಷಯ ಮುಖ್ಯ: ತುಂಡು ಕೊಬ್ಬಿನ ತನಕ ಆಳ ಇರಬೇಕು. ಮೇಲೆ ಮೇಲೆ ಹೆರೆದು ತೆಗೆದರೆ ಕಾಯಿಲೆ ಇರುವ ಜಾಗವೇ ಬರುವುದಿಲ್ಲ, ರಿಪೋರ್ಟು 'ಎಲ್ಲ ಸರಿ ಇದೆ' ಅಂತ ಬಂದುಬಿಡಬಹುದು. ನನ್ನ ರಿಪೋರ್ಟಿನಲ್ಲಿ ಮೇಲಿನ ಪದರ ಹೆಚ್ಚುಕಡಿಮೆ ಸರಿ ಇತ್ತು. ಕೆಳಗೆ ಕೊಲಾಜೆನ್ ದಪ್ಪವಾಗಿ ಒತ್ತೊತ್ತಾಗಿ ಕೂತಿತ್ತು, ಬೆವರಿನ ಗ್ರಂಥಿಗಳ ಸುತ್ತ ಇರಬೇಕಾದ ಕೊಬ್ಬು ಮಾಯವಾಗಿತ್ತು, ರಕ್ತನಾಳಗಳ ಸುತ್ತ ಉರಿಯೂತದ ಕಣಗಳಿದ್ದವು. ಉರಿಯೂತ ಇನ್ನೂ ಇದೆ ಅಂದರೆ ಔಷಧಿಗೆ ಕೆಲಸ ಇದೆ ಅಂತ ಅರ್ಥ.

ರಿಪೋರ್ಟಿನ ಕೆಳಗೆ ಮಾರ್ಫಿಯಾ, ಅದರ ಪಕ್ಕ 'ಲೋಕಲೈಸ್ಡ್ ಸ್ಕ್ಲೀರೋಡರ್ಮಾ', ಅಂದರೆ ಒಂದು ಜಾಗದಲ್ಲಷ್ಟೇ ಚರ್ಮ ಗಟ್ಟಿಯಾಗುವುದು, ಅಂತ ಇತ್ತು. ರಾತ್ರಿ ಹನ್ನೊಂದಕ್ಕೆ ಎರಡನೆಯ ಪದವನ್ನು ಮಾತ್ರ ಹುಡುಕಿದೆ. ಶ್ವಾಸಕೋಶ, ಕಿಡ್ನಿ, ಹೃದಯ ಎಲ್ಲ ಬಂತು. ನಮ್ಮ ಮನೆಯವರನ್ನು ಎಬ್ಬಿಸಿ ಅತ್ತುಬಿಟ್ಟೆ. ಮರುದಿನ ಫೋನು ಮಾಡಿದಾಗ ಡಾಕ್ಟರ್ ಕೇಳಿದ್ದು ಬೇರೆಯದೇ. "ಚಳಿಗಾಲದಾಗ ತಣ್ಣೀರಿನ್ಯಾಗ ಕೈ ಹಾಕಿದ್ರ ಬೆರಳು ಬೆಳ್ಳಗ, ನೀಲಿ ಆಗತಾವೇನ್ರಿ? ಬೆರಳಿನ ಚರ್ಮ ಬಿಗಿ ಆಗೇತೇನು? ನುಂಗಾಕ ತ್ರಾಸು? ಮೆಟ್ಟಿಲ ಹತ್ತಿದ್ರ ದಮ್ಮು?" ಯಾವುದೂ ಇರಲಿಲ್ಲ. ಒಳಅಂಗಗಳನ್ನು ಹಿಡಿಯುವ ಸ್ಕ್ಲೀರೋಡರ್ಮಾ ಬೇರೆ ಕಾಯಿಲೆ, ಅದು ಸಾಮಾನ್ಯವಾಗಿ ಬೆರಳಿನಿಂದ ಶುರುವಾಗುತ್ತದೆ. ಸೊಂಟದ ಮೇಲಿನ ಒಂದು ಕಲೆ ಬೆಳೆದು ಅದಾಗುವುದಿಲ್ಲ. ಹೆಸರು ಒಂದೇ ಮನೆತನದ್ದು, ಮನೆ ಬೇರೆ. ಮೈಯ ವಿರುದ್ಧವೇ ಏಳುವ ಪ್ರತಿಕಾಯಗಳನ್ನು ಹುಡುಕುವ ಎಎನ್‌ಎ ಅನ್ನುವ ರಕ್ತಪರೀಕ್ಷೆಯನ್ನು ನಾನು ಹೆದರಿ ನನ್ನಷ್ಟಕ್ಕೆ ಮಾಡಿಸಿದೆ. ಅದು ಸ್ವಲ್ಪ ಪಾಸಿಟಿವ್ ಬಂತು, ಮತ್ತೆ ಅಳು. ಮಾರ್ಫಿಯಾ ಇರುವ ಎಷ್ಟೋ ಜನರಲ್ಲಿ ಅದು ಪಾಸಿಟಿವ್ ಬರುತ್ತದಂತೆ, ಅದೊಂದರಿಂದಲೇ ಏನನ್ನೂ ತೀರ್ಮಾನ ಮಾಡುವುದಿಲ್ಲವಂತೆ. ದುಡ್ಡು ಹೋಯಿತು ಅಷ್ಟೇ.

ಚಿಕಿತ್ಸೆಯ ಚೀಟಿ ನೋಡಿ ನಾನು ನಕ್ಕುಬಿಟ್ಟೆ. ಮೊದಲ ಸಾಲಿನಲ್ಲೇ ಕ್ಲೋಬೆಟಸಾಲ್. ಅಂಗಡಿಯವನು ಕೊಟ್ಟ ಟ್ಯೂಬಿನಲ್ಲೂ ಅದೇ ಇತ್ತಲ್ಲ! ಹಾಗಾದರೆ ಅವನೇನು ತಪ್ಪು ಮಾಡಿದ? ಕೇಳಿದೆ. ಉತ್ತರ ಚೆನ್ನಾಗಿತ್ತು. ಆ ಟ್ಯೂಬಿನ ಸ್ಟೆರಾಯ್ಡ್ ಅಂಚಿನ ಉರಿಯೂತವನ್ನು ಒಂದಿಷ್ಟು ದಿನ ಅಡಗಿಸಿತ್ತು, ಬಣ್ಣ ತಿಳಿಯಾದದ್ದು ಅದಕ್ಕೇ. ಎಷ್ಟು ದಿನ, ಎಷ್ಟು ಜಾಗಕ್ಕೆ, ಯಾವಾಗ ನಿಲ್ಲಿಸಬೇಕು ಅಂತ ಯಾರೂ ಹೇಳಿರಲಿಲ್ಲ. ನಾನು ಕಲೆಯ ಹೊರಗೂ ಧಾರಾಳ ಹಚ್ಚಿ ಒಳ್ಳೆಯ ಚರ್ಮ ತೆಳುವಾಗುವಂತೆ ಮಾಡಿದ್ದೆ. ಅದು ನಿಜಕ್ಕೂ ಗಜಕರ್ಣ ಆಗಿದ್ದರೆ ಇನ್ನೂ ಕೆಟ್ಟದು. ಸ್ಟೆರಾಯ್ಡ್ ಕೆರೆತವನ್ನು ಮುಚ್ಚಿಡುತ್ತದೆ, ಅಡಿಯಲ್ಲಿ ಫಂಗಸ್ಸು ಹರಡುತ್ತದೆ, ಉಂಗುರದ ಆಕಾರ ಕೆಟ್ಟು ಆಮೇಲೆ ಚರ್ಮದ ಡಾಕ್ಟರಿಗೂ ಗುರುತು ಸಿಗುವುದು ಕಷ್ಟ.

ನನಗೆ ಕೊಟ್ಟ ಲೆಕ್ಕ ಇದು. ರಾತ್ರಿ ಒಂದು ಸಲ, ನಾಲ್ಕು ವಾರ ಮಾತ್ರ ಕ್ಲೋಬೆಟಸಾಲ್. ಎಷ್ಟು? ತೋರುಬೆರಳಿನ ತುದಿಯಿಂದ ಮೊದಲ ಗೆರೆಯ ತನಕ ಹಿಂಡಿದರೆ ಸುಮಾರು ಅರ್ಧ ಗ್ರಾಂ, ಅದು ಬೆರಳೂ ಸೇರಿ ಎರಡು ಅಂಗೈಯಷ್ಟು ಜಾಗಕ್ಕೆ ಸಾಕು. ನನ್ನ ಕಲೆ ಆಗ 7 ಸೆಂಟಿಮೀಟರ್ ಉದ್ದ, 4 ಅಗಲ, ಅಂದರೆ ಅದರ ಕಾಲು ಭಾಗವೂ ಬೇಡ. ಮೊದಲು ನಾನು ಅದರ ನಾಲ್ಕರಷ್ಟು ಬಳಿಯುತ್ತಿದ್ದೆ. ಆಮೇಲೆ ಟ್ಯಾಕ್ರೋಲಿಮಸ್ ಶೇಕಡಾ 0.1 ಮುಲಾಮು, ದಿನಕ್ಕೆ ಎರಡು ಸಲ, ತಿಂಗಳುಗಟ್ಟಲೆ. ಅದು ಸ್ಟೆರಾಯ್ಡ್ ಅಲ್ಲ, ಚರ್ಮ ತೆಳುವಾಗಿಸುವುದಿಲ್ಲ. ಮೊದಲ ವಾರ ಮೆಣಸಿನಕಾಯಿ ಕೈ ತಾಗಿದ ಹಾಗೆ ಉರಿಯಿತು, ಆಮೇಲೆ ಹೋಯಿತು. ಕೆಲವರಿಗೆ ಬೆಳಕಿನ ಚಿಕಿತ್ಸೆಯನ್ನೂ ಕೊಡುತ್ತಾರೆ, ನನಗೆ ಬೇಕಾಗಲಿಲ್ಲ.

ಔಷಧಿ ಕೆಲಸ ಮಾಡುತ್ತಿದೆಯೋ ಇಲ್ಲವೋ ಅಂತ ತಿಳಿಯುವುದೇ ಇದರಲ್ಲಿ ಕಷ್ಟ. ಬಣ್ಣ ನಂಬುವಂತಿಲ್ಲ. ಉರಿಯೂತ ಸತ್ತ ಮೇಲೂ ಕಂದು ಬಣ್ಣ ವರ್ಷಗಟ್ಟಲೆ ಉಳಿಯುತ್ತದೆ, ಕೆಲವೊಮ್ಮೆ ಮೊದಲಿಗಿಂತ ಕಪ್ಪಾಗುತ್ತದೆ. ಹಾಗಾಗಿ ಡಾಕ್ಟರ್ ಒಂದು ಸರಳ ಉಪಾಯ ಹೇಳಿದರು. ಪಾರದರ್ಶಕ ಪ್ಲಾಸ್ಟಿಕ್ ಹಾಳೆ, ಪುಸ್ತಕಕ್ಕೆ ಹೊದಿಸುವಂಥದ್ದು. ಅದನ್ನು ಕಲೆಯ ಮೇಲಿಟ್ಟು ಮಾರ್ಕರ್‌ನಿಂದ ಅಂಚು ಬರೆಯುವುದು. ಗಟ್ಟಿ ಭಾಗಕ್ಕೆ ಒಂದು ಗೆರೆ, ಬಣ್ಣದ ಭಾಗಕ್ಕೆ ಚುಕ್ಕಿ ಗೆರೆ. ತಾರೀಖು ಹಾಕಿ ಎತ್ತಿಡುವುದು. ಎಂಟು ವಾರಕ್ಕೊಮ್ಮೆ ಮತ್ತೆ. ಹಾಳೆಯ ದಿಕ್ಕು ತಪ್ಪಬಾರದು ಅಂತ ಪಕ್ಕದ ಒಂದು ಮಚ್ಚೆಯನ್ನೂ ಗುರುತು ಮಾಡುತ್ತಿದ್ದೆವು. ಈ ಕೆಲಸ ನಮ್ಮ ಮನೆಯವರದು. ಸರ್ವೇ ಇಲಾಖೆಯವರ ಹಾಗೆ ಉಸಿರು ಬಿಗಿಹಿಡಿದು ಬರೆಯುತ್ತಿದ್ದರು, ನನಗೆ ಕಚಗುಳಿ. ಎರಡನೆಯ ಹಾಳೆ ಮೊದಲನೆಯದಕ್ಕಿಂತ ಒಂದಿಷ್ಟು ದೊಡ್ಡದೇ ಬಂತು, ಬೇಸರವಾಯಿತು. ಮೂರನೆಯದು ಎರಡನೆಯದರ ಮೇಲೆ ಸರಿಯಾಗಿ ಕೂತಿತು. ಅಲ್ಲಿಗೆ ಹರಡುವುದು ನಿಂತಿತ್ತು. ಗಟ್ಟಿ ಭಾಗದ ಗೆರೆ ಒಳಗೆ ಸರಿಯಲು ಶುರುವಾದದ್ದು ಹತ್ತನೆಯ ತಿಂಗಳಲ್ಲಿ.

ನನ್ನಂಥ ಒಂದು ಕಲೆಯಾದರೆ ಈ ನಿಧಾನ ಪರವಾಗಿಲ್ಲ. ಔಷಧಿ ಇಲ್ಲದೆಯೂ ಇಂಥದ್ದು ಮೂರು, ಐದು ವರ್ಷದಲ್ಲಿ ತಾನೇ ಮೆದುವಾಗುವುದುಂಟು, ಮತ್ತೆ ಬೇರೆ ಕಡೆ ಏಳುವುದೂ ಉಂಟು. ಆದರೆ ಕಾಯಬಾರದ ಜಾತಿಯೊಂದಿದೆ, ಅದನ್ನು ನಾನು ಕಂಡದ್ದು ಡಾಕ್ಟರ ಹೊರಗಿನ ಬೆಂಚಿನಲ್ಲಿ. ಹಾವೇರಿ ಕಡೆಯಿಂದ ಬಂದ ಒಬ್ಬ ತಾಯಿ, ಜೊತೆಗೆ ಒಂಬತ್ತು ವರ್ಷದ ಹುಡುಗ. ಅವನ ತೊಡೆಯಿಂದ ಮೊಣಕಾಲು ದಾಟಿ ಕೆಳಗೆ ಒಂದು ಮಿಂಚುವ ಪಟ್ಟಿ, ಹೊಲದ ಬದುವಿನ ಹಾಗೆ ನೆಟ್ಟಗೆ. "ಸೈಕಲ್ ಮ್ಯಾಲಿಂದ ಬಿದ್ದಿದ್ದನ್ರಿ, ಗಾಯದ್ದು ಅಂತ ವರ್ಷ ಸುಮ್ನ ಕುಂತ್ವಿ" ಅಂದರು. ಹುಡುಗನಿಗೆ ಮೊಣಕಾಲು ಪೂರ್ತಿ ನೆಟ್ಟಗಾಗುತ್ತಿರಲಿಲ್ಲ. ಮಕ್ಕಳಲ್ಲಿ ಹೀಗೆ ಗೆರೆಯಾಗಿ ಬರುವುದೇ ಜಾಸ್ತಿ. ಕೀಲಿನ ಮೇಲೆ ಹಾದರೆ ಕೀಲು ಬಿಗಿಯುತ್ತದೆ, ಆಳಕ್ಕಿಳಿದರೆ ಆ ಕಾಲು ಇನ್ನೊಂದರಷ್ಟು ಬೆಳೆಯದೆ ಉಳಿಯಬಹುದು. ಹಣೆಯ ಮೇಲೆ ಕತ್ತಿಯ ಪೆಟ್ಟಿನ ಹಾಗೆ ಉದ್ದಕ್ಕೆ ಬಂದರೆ ಕಣ್ಣು, ಮೆದುಳನ್ನೂ ನೋಡಿಸಬೇಕಾಗುತ್ತದೆ.

ಅವನಿಗೆ ಮುಲಾಮು ಸಾಲುವುದಿಲ್ಲ. ಮೊದಲ ಕೆಲವು ತಿಂಗಳು ಸ್ಟೆರಾಯ್ಡ್, ಜೊತೆಗೆ ರೋಗನಿರೋಧಕ ಕಣಗಳ ಜಗಳ ಅಡಗಿಸುವ ಮೆಥೊಟ್ರೆಕ್ಸೇಟ್ ಗುಳಿಗೆ, ಆಗಾಗ ರಕ್ತ, ಲಿವರ್ ಪರೀಕ್ಷೆ, ಮೊಣಕಾಲಿಗೆ ವ್ಯಾಯಾಮ. ಮೆಥೊಟ್ರೆಕ್ಸೇಟ್ ವಾರಕ್ಕೆ ಒಂದೇ ದಿನ. ದಿನಾ ನುಂಗಿದರೆ ಜೀವಕ್ಕೇ ಅಪಾಯ, ಇಂಥ ತಪ್ಪು ಆಗಿಯೂ ಆಗುತ್ತದೆ. ಡಾಕ್ಟರ್ ಚೀಟಿಯ ಮೇಲೆ ಸೋಮವಾರ ಅಂತ ದೊಡ್ಡದಾಗಿ ಬರೆದು, ಆ ತಾಯಿಯ ಕೈಯಲ್ಲಿ ಮೂರು ಸಲ ಹೇಳಿಸಿದ್ದರಂತೆ. ಅವರು ನನಗೂ ಹೇಳಿ ತೋರಿಸಿದರು. "ಸೋಮಾರದ ಗುಳಿಗಿ, ಸೋಮಾರ ಅಷ್ಟ." ಹುಡುಗ ಪಕ್ಕದಲ್ಲಿ ಕೂತು ಪೇಢೆಯ ಡಬ್ಬಿ ಬಿಚ್ಚಲು ಕಾಯುತ್ತಿದ್ದ.

ಈಗ ನನಗೆ ಎರಡು ವರ್ಷವಾಗುತ್ತಾ ಬಂತು. ಲಾಡಿಯ ಲಂಗ ಬಿಟ್ಟು ಅಗಲ ಪಟ್ಟಿಯ ಇಲಾಸ್ಟಿಕ್ ಹಾಕಿದ್ದನ್ನು ತೊಡುತ್ತೇನೆ, ಸ್ವಲ್ಪ ಮೇಲಕ್ಕೆ. ಮುಲಾಮು ನಿಂತು ಏಳು ತಿಂಗಳಾಯಿತು. ಬೆವರು ಇನ್ನೂ ಅಲ್ಲಿ ಬರುವುದಿಲ್ಲ, ಕಂದು ಬಣ್ಣ ಇದ್ದಲ್ಲೇ ಇದೆ, ಹೋದರೂ ಪೂರ್ತಿ ಹೋಗಲಿಕ್ಕಿಲ್ಲ. ಹೋದ ಭಾನುವಾರ ಎಣ್ಣೆ ಹಚ್ಚುವಾಗ ಅತ್ತಿ ನನ್ನನ್ನು ಕೇಳದೆ ಎರಡು ಬೆರಳಲ್ಲಿ ಜೋರಾಗಿ ಚಿವುಟಿದರು. ಚೀರಿದೆ.

"ಬಂತ್ ನೋಡ್" ಅಂದರು, "ಸಣ್ಣದೊಂದು ಮಡಿಕಿ."